ಹನ್ನೆರಡು ಸಾವಿರದ ಹತ್ತಿರ ನಿಂತುಹೋದ ವೀರಗಲ್ಲು ಪುಟ: ಮುಂದೆ ಬೆಳೆಸುವುದು ಹೇಗೆ?

ಕಲ್ಲುಬರಹ

ನಾನು ಮತ್ತು ನನ್ನ ತಮ್ಮ ಇನ್‌ಸ್ಟಾಗ್ರಾಮ್‌ನಲ್ಲಿ ಹೋರಾಡಿ ಮಡಿದವರ ವೀರಗಲ್ಲು, ಸತಿ ಹೋದವರ ಮಾಸ್ತಿಕಲ್ಲು, ಶಾಸನಗಳ ಬಗ್ಗೆ ಒಂದು ಕನ್ನಡ ಪುಟ ನಡೆಸುತ್ತಿದ್ದೇವೆ. ಊರೂರು ಸುತ್ತಿ ಚಿತ್ರ ತೆಗೆಯುವುದು, ಬರೆಯುವುದು ನನ್ನ ಪಾಲು. ರೀಲ್ ಸಂಕಲನ ಅವನ ಪಾಲು. ಬೇಗೂರು ಶಾಸನದಲ್ಲಿ ಬರುವ ‘ಬೆಂಗಳೂರು ಕಾಳಗ’ದ ಬಗ್ಗೆ ಹಾಕಿದ ರೀಲ್ ಒಮ್ಮೆ ಬಹಳ ಓಡಿತು. ಅದರ ಬೆನ್ನಿಗೇ ಹನ್ನೆರಡು ಸಾವಿರ ಜನ ಸೇರಿದರು. ಆಮೇಲೆ ಸುಮಾರು ಒಂದು ವರ್ಷದಿಂದ ಸಂಖ್ಯೆ ಅಲ್ಲೇ ತೂಗುತ್ತಿದೆ. ವಾರಕ್ಕೆ ಮೂರು ಪೋಸ್ಟ್ ತಪ್ಪದೆ ಹಾಕುತ್ತೇವೆ. ಮೆಚ್ಚುವವರು, ಕಾಮೆಂಟ್ ಬರೆಯುವವರು ಅದೇ ನಲವತ್ತೈವತ್ತು ಮಂದಿ.

ಎರಡು ಲಕ್ಷ ಹಿಂಬಾಲಕರಿರುವ ಒಂದು ಹಾಸ್ಯದ ಪುಟದವರು ಹಣ ಕೊಟ್ಟರೆ ಜಂಟಿ ಪೋಸ್ಟ್ ಮಾಡೋಣ ಎನ್ನುತ್ತಿದ್ದಾರೆ. ತಮ್ಮನಿಗೆ ಅದರಲ್ಲಿ ಆಸಕ್ತಿಯಿದೆ, ನನಗೆ ಅನುಮಾನವಿದೆ. ಇಂಥ ಸ್ಥಿತಿಯಿಂದ ಹೊರಬಂದವರು ಇದ್ದರೆ ಹೇಳಿ.

ರೀಲ್ ರಂಗಣ್ಣ

ವಾರಕ್ಕೆ ಮೂರು ಏನೂ ಸಾಲದು. ದಿನಕ್ಕೆ ಒಂದು ರೀಲ್ ಹಾಕಿ. ಓಡುತ್ತಿರುವ ಹಾಡನ್ನೇ ಹಿನ್ನೆಲೆಗೆ ಬಳಸಿ, ಹ್ಯಾಶ್‌ಟ್ಯಾಗ್ ಎಷ್ಟು ಹಾಕಲು ಬಿಡುತ್ತದೋ ಅಷ್ಟನ್ನೂ ತುಂಬಿಸಿ. ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. ದೊಡ್ಡ ಪುಟ ತಾನಾಗಿ ಬಾಗಿಲಿಗೆ ಬಂದಿದೆ ಎಂದರೆ ಬಿಡಬೇಡಿ. ಎರಡು ಲಕ್ಷದಲ್ಲಿ ನೂರಕ್ಕೆ ಐದು ಜನ ಬಂದರೂ ಹತ್ತು ಸಾವಿರವಾಯಿತಲ್ಲ.

ವಸುಧಾ, ಶಿರಸಿ

ಮೊದಲ ಮೂರು ಸೆಕೆಂಡಿನ ಮಾತು ನಿಜ, ರಂಗಣ್ಣನವರೇ. ಹ್ಯಾಶ್‌ಟ್ಯಾಗಿನ ಮಾತನ್ನು ನಾನು ಒಪ್ಪುವುದಿಲ್ಲ. ಹ್ಯಾಶ್‌ಟ್ಯಾಗನ್ನು ಹಿಂಬಾಲಿಸುವ ಸೌಲಭ್ಯವನ್ನೇ ಇನ್‌ಸ್ಟಾಗ್ರಾಮ್ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ನೂರಕ್ಕೆ ಐದು ಎಂಬ ಲೆಕ್ಕ ನಿಮಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ನಾನು ನೋಡಿಕೊಳ್ಳುವ ಯಾವ ಪುಟದಲ್ಲೂ ಅದರ ಹತ್ತಿರಕ್ಕೂ ಹೋದದ್ದಿಲ್ಲ.

ಕಲ್ಲುಬರಹದವರೇ, ಸಲಹೆ ಕೇಳುವ ಮೊದಲು ಪುಟದ ಅಂಕಿಅಂಶ ತೋರಿಸುವ ಇನ್‌ಸೈಟ್ಸ್ ತೆರೆದು ಎರಡು ವಿಷಯ ನೋಡಿ ಹೇಳಿ. ಕಳೆದ ಮೂವತ್ತು ದಿನಗಳಲ್ಲಿ ಹೊಸದಾಗಿ ಸೇರಿದವರೆಷ್ಟು, ಬಿಟ್ಟುಹೋದವರೆಷ್ಟು? ಇವೆರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಹಾಗೆಯೇ ಈಚಿನ ಪೋಸ್ಟುಗಳಲ್ಲಿ ಅತಿ ಹೆಚ್ಚು ಬಾರಿ ಇತರರಿಗೆ ಕಳುಹಿಸಲ್ಪಟ್ಟದ್ದು ಯಾವುದು? ಲೈಕ್ ಎಷ್ಟು ಬಂತೆಂಬುದು ಸದ್ಯಕ್ಕೆ ಬೇಡ.

ಕಲ್ಲುಬರಹ

ಸೇರಿದವರು 310, ಬಿಟ್ಟವರು 290. ಬಿಡುವವರು ಇಷ್ಟೊಂದು ಮಂದಿ ಇದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ, ಮೇಡಂ.

ಹೆಚ್ಚು ಕಳುಹಿಸಲ್ಪಟ್ಟದ್ದು ಮಾತ್ರ ವಿಚಿತ್ರವಾಗಿದೆ. ಒಂದು ಸಣ್ಣ ಊರಿನ ಬಸ್ ನಿಲ್ದಾಣದ ಹಿಂದೆ ಪೊದೆಯಲ್ಲಿದ್ದ ವೀರಗಲ್ಲಿನ ನಾಲ್ಕು ಚಿತ್ರಗಳ ಪೋಸ್ಟ್ ಅದು. ಲೈಕ್ ನಮ್ಮ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಕಳುಹಿಸಿದವರು ಮಾತ್ರ ಎಂಟು ಪಟ್ಟು. ನಾವು ಅದನ್ನು ಸೋತ ಪೋಸ್ಟ್ ಎಂದು ತೀರ್ಮಾನಿಸಿ, ಊರ ಕಲ್ಲುಗಳನ್ನು ಕಡಿಮೆ ಮಾಡಿ ಹಳೇಬೀಡು, ಬೇಲೂರುಗಳನ್ನು ಹೆಚ್ಚಿಸಿದ್ದೆವು.

ವಸುಧಾ, ಶಿರಸಿ

ಅಲ್ಲಿಗೆ ವಿಷಯ ಅರ್ಧ ಬಯಲಾಯಿತು. ನಿಮ್ಮ ಪುಟ ನಿಂತಿಲ್ಲ. ಒಂದು ಕಡೆ ಹಳ್ಳದ ನೀರು ಬರುತ್ತಿದೆ, ಇನ್ನೊಂದು ಕಡೆ ಕೋಡಿ ಹರಿಯುತ್ತಿದೆ, ಕೆರೆಯ ಮಟ್ಟ ಮಾತ್ರ ಏರುತ್ತಿಲ್ಲ. ಪುಟ ದೊಡ್ಡದಾದಷ್ಟೂ ಬಿಟ್ಟುಹೋಗುವವರ ಸಂಖ್ಯೆ ಅದರ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ. ಬರುವವರ ಸಂಖ್ಯೆ ಮಾತ್ರ ನೀವು ಹಾಕುವ ಪೋಸ್ಟುಗಳಷ್ಟಕ್ಕೇ ಸೀಮಿತವಾಗಿರುತ್ತದೆ. ಎರಡೂ ಸಮವಾದ ಕಡೆ ಪುಟ ತೂಗತೊಡಗುತ್ತದೆ. ದಿನಕ್ಕೊಂದು ರೀಲ್ ಹಾಕಿದರೆ ಆ ಮಟ್ಟ ಸ್ವಲ್ಪ ಮೇಲೆ ಹೋಗಿ ಮತ್ತೆ ನಿಲ್ಲುತ್ತದೆ, ಅಷ್ಟರಲ್ಲಿ ನಿಮ್ಮ ತಮ್ಮ ಸುಸ್ತಾಗಿರುತ್ತಾನೆ.

ಇದಕ್ಕೆ ಬೇಕಾದದ್ದು ಬಂದವನೇ ಮುಂದಿನವನನ್ನು ಕರೆತರುವ ಏರ್ಪಾಡು. ಅದನ್ನು ಚಕ್ರ ಎಂದು ಕರೆಯೋಣ. ಎಲ್ಲ ಪುಟಕ್ಕೂ ಒಂದೇ ಚಕ್ರ ಹೊಂದುವುದಿಲ್ಲ. ನಿಮ್ಮದು ಯಾವುದೆಂದು ಆ ಬಸ್ ನಿಲ್ದಾಣದ ಕಲ್ಲೇ ಹೇಳಿಬಿಟ್ಟಿದೆ. ಹಳೇಬೀಡಿನ ಚಿತ್ರವನ್ನು ಎಲ್ಲರೂ ಮೆಚ್ಚುತ್ತಾರೆ, ಯಾರೂ ಯಾರಿಗೂ ಕಳುಹಿಸುವುದಿಲ್ಲ, ಏಕೆಂದರೆ ಅದನ್ನು ಕಳುಹಿಸಲು ನಿರ್ದಿಷ್ಟವಾದ ಒಬ್ಬ ವ್ಯಕ್ತಿ ಮನಸ್ಸಿಗೆ ಬರುವುದಿಲ್ಲ. ತನ್ನೂರಿನ ಕಲ್ಲು ಕಂಡವನಿಗೆ ಅಣ್ಣ, ಚಿಕ್ಕಪ್ಪ, ಊರಿನ ವಾಟ್ಸಾಪ್ ಗುಂಪು ಎಲ್ಲರೂ ಒಟ್ಟಿಗೇ ನೆನಪಾಗುತ್ತಾರೆ.

ಇದು ನನ್ನೊಬ್ಬಳ ಊಹೆಯಲ್ಲ. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಯಲ್ಲಿ ಮೂರು ಅಂಶಗಳನ್ನು ಮುಖ್ಯವೆಂದು ಹೆಸರಿಸಿದ್ದರು: ಎಷ್ಟು ಹೊತ್ತು ನೋಡಿದರು, ತಲುಪಿದವರಲ್ಲಿ ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳುಹಿಸಿದರು. ಈಗಾಗಲೇ ಹಿಂಬಾಲಿಸುವವರ ನಡುವೆ ಮೆಚ್ಚುಗೆಗೆ ಹೆಚ್ಚು ತೂಕ, ಅಪರಿಚಿತರನ್ನು ತಲುಪಲು ಕಳುಹಿಸುವಿಕೆಗೆ ಹೆಚ್ಚು ತೂಕ ಎಂದೂ ಸೇರಿಸಿದ್ದರು. ನೀವು ಲೈಕ್ ನೋಡಿ ಪೋಸ್ಟ್ ಆರಿಸಿದಿರಿ. ಹಳಬರು ಸಂತೋಷಪಟ್ಟರು, ಹೊಸಬರು ಬರಲಿಲ್ಲ.

ನಿವೃತ್ತ ಮೇಷ್ಟ್ರು, ಅರಕಲಗೂಡು

ನಿಮ್ಮ ಪುಟ ನಿಂತುಹೋಯಿತು ಎಂದು ಓದಿ ಬಹಳ ಬೇಸರವಾಯಿತು. ದಯವಿಟ್ಟು ಮುಚ್ಚಬೇಡಿ. ನನ್ನ ಮೊಮ್ಮಗಳು ಪ್ರತಿವಾರ ಓದಿ ಹೇಳುತ್ತಾಳೆ. ಹಣದ ತೊಂದರೆಯಾಗಿದ್ದರೆ ನನ್ನ ಕೈಲಾದಷ್ಟು ಕೊಡುತ್ತೇನೆ.

ನಮ್ಮೂರ ಕೆರೆ ಏರಿಯ ಮೇಲೂ ಒಂದು ಕಲ್ಲಿದೆ. ಮೂರು ಹಂತಗಳಿವೆ. ಕೆಳಗೆ ಬಿಲ್ಲು ಹಿಡಿದವನು, ಅವನ ಹಿಂದೆ ದನಗಳ ಸಾಲು. ನಡುವೆ ಇಬ್ಬರು ಹೆಂಗಸರು ಒಬ್ಬನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿವೆ, ನನಗೆ ಓದಲು ಬರುವುದಿಲ್ಲ. ಶಾಲೆಯಲ್ಲಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಚಿತ್ರ ಕಳುಹಿಸಿದರೆ ಓದಿಕೊಡುವಿರಾ?

ಕಲ್ಲುಬರಹ

ಮುಚ್ಚುತ್ತಿಲ್ಲ ಮೇಷ್ಟ್ರೇ! ಹಿಂಬಾಲಕರ ಸಂಖ್ಯೆ ಏರುತ್ತಿಲ್ಲ ಎಂದಷ್ಟೇ ಕೇಳಿದ್ದು. ನಿಮ್ಮ ಕಲ್ಲು ತುರುಗೋಳಿನದು, ಅಂದರೆ ದನಗಳನ್ನು ಬಿಡಿಸಲು ಹೋಗಿ ಸತ್ತವನದು ಎನಿಸುತ್ತದೆ. ನಡುವಿನವರು ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಚಿತ್ರ ತೆಗೆಯಲು ಮೊಮ್ಮಗಳಿಗೆ ಹೇಳಿ, ಅಕ್ಷರ ಎದ್ದು ಕಾಣುತ್ತದೆ.

ವಸುಧಾ, ಶಿರಸಿ

ನೋಡಿ, ಮೇಷ್ಟ್ರು ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಓದಿಕೊಂಡರು, ಆದರೂ ಚಕ್ರದ ಮೊದಲ ಹೆಜ್ಜೆಯನ್ನು ತಾವೇ ಇಟ್ಟುಬಿಟ್ಟರು. ಇದನ್ನೇ ಹಿಡಿದು ಹೇಳುತ್ತೇನೆ.

ಮೇಷ್ಟ್ರು ಚಿತ್ರ ಕಳುಹಿಸುತ್ತಾರೆ. ನೀವು ಊರಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಒಂದು ಪೋಸ್ಟ್ ಮಾಡುತ್ತೀರಿ: ಮೊದಲ ಚಿತ್ರದಲ್ಲಿ ಊರು ಮತ್ತು ಕಲ್ಲು, ಎರಡನೆಯದರಲ್ಲಿ ಪ್ರತಿ ಹಂತದಲ್ಲಿ ಏನಿದೆ ಎಂಬ ಗುರುತು, ಮೂರನೆಯದರಲ್ಲಿ ಶಾಸನದ ಓದು, ಕೊನೆಯದರಲ್ಲಿ ‘ಚಿತ್ರ: ಇಂಥವರು’ ಎಂಬ ಹೆಸರು ಮತ್ತು ‘ನಿಮ್ಮೂರಿನ ಕಲ್ಲು ಕಳುಹಿಸಿ’ ಎಂಬ ಕರೆ. ಅದನ್ನು ಮೇಷ್ಟ್ರು ತಮ್ಮ ಹಳೆಯ ಶಿಷ್ಯರ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಬಂದವರಲ್ಲಿ ಪಕ್ಕದೂರಿನವನೊಬ್ಬ ಇರುತ್ತಾನೆ, ಅವನ ಹೊಲದ ಬದುವಿನಲ್ಲೂ ಒಂದು ಕಲ್ಲಿರುತ್ತದೆ. ಅವನು ಕಳುಹಿಸಿದರೆ ಚಕ್ರ ಒಂದು ಸುತ್ತು ತಿರುಗಿತು. ಅವನು ನೋಡಿ, ಹಿಂಬಾಲಿಸಿ ಸುಮ್ಮನಾದರೆ ತಿರುಗಲಿಲ್ಲ.

ಆದ್ದರಿಂದ ಗಮನವಿಡಬೇಕಾದ ಒಂದೇ ಸಂಖ್ಯೆ ಎಂದರೆ, ಒಬ್ಬ ಕಳುಹಿಸಿದವನಿಂದ ಹೊಸದಾಗಿ ಎಷ್ಟು ಮಂದಿ ಕಳುಹಿಸುವವರು ಹುಟ್ಟಿದರು ಎಂಬುದು. ಒಂದು ಲೆಕ್ಕ ಹಾಕೋಣ, ಸಂಖ್ಯೆಗಳು ಬರಿಯ ಉದಾಹರಣೆಗೆ. ಇಪ್ಪತ್ತು ಮಂದಿ ಚಿತ್ರ ಕಳುಹಿಸಿದರು. ಒಂದೊಂದು ಪೋಸ್ಟಿನಿಂದ ಹತ್ತು ಹೊಸ ಹಿಂಬಾಲಕರು ಬಂದರು, ಒಟ್ಟು 200. ಅವರಲ್ಲಿ ಇಪ್ಪತ್ತೈದಕ್ಕೆ ಒಬ್ಬ ತನ್ನೂರಿನ ಕಲ್ಲು ಕಳುಹಿಸಿದರೆ ಮುಂದಿನ ಸುತ್ತಿಗೆ ಎಂಟು ಕಲ್ಲು. ಆಮೇಲೆ ಮೂರು, ಆಮೇಲೆ ಒಂದು. ಅಲ್ಲಿಗೆ ಆರಿಹೋಯಿತು. ಇಪ್ಪತ್ತರಿಂದ ಆರಂಭಿಸಿದ್ದು ಒಟ್ಟು ಮೂವತ್ತಮೂರರ ಹತ್ತಿರ ನಿಂತಿತು.

ಈಗ ಇಪ್ಪತ್ತೈದಕ್ಕೆ ಒಬ್ಬನ ಬದಲು ಹದಿನೈದಕ್ಕೆ ಒಬ್ಬ ಕಳುಹಿಸುವಂತೆ ಮಾಡಿ. ಅದೇ ಇಪ್ಪತ್ತು ಕಲ್ಲುಗಳು ಕೊನೆಗೆ ಅರವತ್ತಾಗುತ್ತವೆ. ಒಬ್ಬನೂ ಹೆಚ್ಚು ನೋಡಲಿಲ್ಲ, ಕಳುಹಿಸುವುದು ಸುಲಭವಾಯಿತು, ಅಷ್ಟೆ. ಹಾಗಾಗಿ ಹಾಡು ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಬದಲು, ಏನು ಕಳುಹಿಸಬೇಕು ಎಂಬುದನ್ನು ಮೂರೇ ಸಾಲಿನಲ್ಲಿ ಹೇಳಿ: ಮುಂಭಾಗದ ಒಂದು ಚಿತ್ರ, ಅಕ್ಷರದ ಹತ್ತಿರದ ಒಂದು ಚಿತ್ರ, ಊರು ಮತ್ತು ತಾಲ್ಲೂಕು. ಅದನ್ನು ಪುಟದ ಮೇಲ್ತುದಿಯಲ್ಲಿ ಪಿನ್ ಮಾಡಿ.

ಚಕ್ರ ತಾನೇ ತಿರುಗುತ್ತಿರುತ್ತದೆ ಎಂದು ಮಾತ್ರ ನಂಬಬೇಡಿ. ಒಬ್ಬನಿಂದ ಪೂರ್ತಿ ಒಬ್ಬ ಹುಟ್ಟುವ ಪುಟವನ್ನು ನಾನು ಕಂಡಿಲ್ಲ. ಹೊರಗಿನಿಂದ ತಳ್ಳುತ್ತಲೇ ಇರಬೇಕು, ಹಾಗೆ ತಳ್ಳಿದ ಶ್ರಮ ಒಂದೂವರೆ ಪಟ್ಟೋ ಮೂರು ಪಟ್ಟೋ ಆಗಿ ಹಿಂತಿರುಗುತ್ತದೆ.

ಕುಂದಾಪುರದ ಹಪ್ಪಳ

ನನ್ನದು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ಪುಟ. ನಾನೂ ಹೀಗೇ ಸಿಕ್ಕಿಹಾಕಿಕೊಂಡಿದ್ದೆ. ಆಗ ಬಹುಮಾನದ ಸ್ಪರ್ಧೆ ಇಟ್ಟೆ: ಹಿಂಬಾಲಿಸಿ, ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ಒಂದು ಡಬ್ಬಿ ಹಲಸಿನ ಹಪ್ಪಳ ಗೆಲ್ಲಿ. ಒಂದು ವಾರದಲ್ಲಿ ಸಾವಿರಕ್ಕೂ ಹೆಚ್ಚು ಜನ ಬಂದರು. ಇದೂ ವಸುಧಾ ಹೇಳುವ ಚಕ್ರವೇ ತಾನೇ? ಒಬ್ಬ ಬಂದು ಮೂವರನ್ನು ಕರೆದ. ಆದರೆ ಆಮೇಲೆ ಹಾಕಿದ ಪೋಸ್ಟುಗಳು ಮೊದಲಿಗಿಂತ ಕಡಿಮೆ ಜನರನ್ನು ತಲುಪಿದವು, ಆರ್ಡರ್ ಒಂದೂ ಹೆಚ್ಚಲಿಲ್ಲ.

ವಸುಧಾ, ಶಿರಸಿ

ಚಕ್ರ ಸರಿಯಾಗಿಯೇ ತಿರುಗಿದೆ, ಅಕ್ಕಾ, ಆದರೆ ಅದು ಸೇರಿಸಿದ್ದು ಬಹುಮಾನ ಬೇಕಾದವರನ್ನು. ಸ್ಪರ್ಧೆಗಳ ಬೆನ್ನು ಹತ್ತಿ ಪುಟದಿಂದ ಪುಟಕ್ಕೆ ಹೋಗುವವರೇ ಇದ್ದಾರೆ. ಹಪ್ಪಳದ ಪೋಸ್ಟ್ ಕಂಡಾಗ ಅವರು ನಿಲ್ಲದೆ ದಾಟಿ ಹೋಗುತ್ತಾರೆ. ನಿಮ್ಮ ಸ್ವಂತ ಹಿಂಬಾಲಕರೇ ದಾಟಿ ಹೋದ ಪೋಸ್ಟ್ ಹೊರಗಿನವರಿಗೆ ಹೋಗುವ ಸಂಭವ ಕಡಿಮೆಯಾಗುತ್ತದೆ. ಎರಡು ಲಕ್ಷದ ಹಾಸ್ಯದ ಪುಟದ ಬಗ್ಗೆಯೂ ನನಗಿರುವ ಭಯ ಇದೇ. ನಗಲು ಬಂದವರ ಮುಂದೆ ಹತ್ತನೆಯ ಶತಮಾನದ ಕಲ್ಲು ನಿಲ್ಲಿಸಿದರೆ ಅವರು ಬೆರಳು ಸರಿಸುತ್ತಾರೆ. ಹಣ ಕೊಟ್ಟು ಅದನ್ನು ಮಾಡಿಸಿಕೊಳ್ಳುವುದೇಕೆ?

ಕುಂದಾಪುರದ ಹಪ್ಪಳ

ಹಾಗಾದರೆ ಜಂಟಿ ಪೋಸ್ಟೇ ಬೇಡವೇ? ನನಗೆ ಕೊನೆಗೆ ಸಹಾಯವಾದದ್ದು ಅದರಿಂದಲೇ. ಮೀನು ಸಾರಿನ ಅಡುಗೆ ತೋರಿಸುವ ಒಬ್ಬ ಹುಡುಗಿಯ ಜೊತೆ ಮಾಡಿದೆ, ಅವಳ ಪುಟ ನನ್ನದಕ್ಕಿಂತಲೂ ಚಿಕ್ಕದು.

ವಸುಧಾ, ಶಿರಸಿ

ಬೇಕು, ಖಂಡಿತ. ಜೊತೆಗಾರರನ್ನು ಗಾತ್ರ ನೋಡಿ ಆರಿಸಬಾರದು ಎಂದಷ್ಟೇ ನನ್ನ ಮಾತು. ಅವಳ ನೋಡುಗರು ಅನ್ನಕ್ಕೆ ಕುಳಿತಾಗ ಹಪ್ಪಳ ಬೇಕೆನ್ನುವವರು, ಅದಕ್ಕೇ ಕೆಲಸ ಮಾಡಿತು.

ಜಂಟಿ ಪೋಸ್ಟ್ ಸೌಲಭ್ಯ ಬಂದದ್ದು 2021ರಲ್ಲಿ. ಜೊತೆಗಾರರನ್ನು ಆಹ್ವಾನಿಸಬೇಕು, ಅವರು ಒಪ್ಪಿದ ಮೇಲೆ ಒಂದೇ ಪೋಸ್ಟ್ ಇಬ್ಬರ ಪುಟದಲ್ಲೂ ಕಾಣುತ್ತದೆ, ಮೆಚ್ಚುಗೆ, ಕಾಮೆಂಟ್ ಎಲ್ಲ ಒಂದೇ ಕಡೆ ಕೂಡುತ್ತದೆ. ಕಲ್ಲುಬರಹದವರಿಗೆ ನಾನು ಸೂಚಿಸುವುದು ತಾಲ್ಲೂಕು ಮಟ್ಟದ ಪುಟಗಳನ್ನು. ‘ನಮ್ಮ ಇಂಥ ತಾಲ್ಲೂಕು’ ಎಂಬ ಹೆಸರಿನಲ್ಲಿ ಮಳೆ, ಜಾತ್ರೆ, ಬಸ್ಸಿನ ಸುದ್ದಿ ಹಾಕುವ ಪುಟಗಳು ಎಲ್ಲ ಕಡೆ ಇವೆ. ಅವರಿಗೆ ಹಾಕಲು ವಿಷಯ ಸಾಲುವುದಿಲ್ಲ, ನಿಮ್ಮ ಬಳಿ ವಿಷಯವಿದೆ. ಹಣದ ಮಾತೇ ಬರುವುದಿಲ್ಲ.

ಒಪ್ಪಿಸುವ ಮೊದಲು ಅವರ ಕಾಮೆಂಟುಗಳನ್ನು ಓದಿ. ಜನ ಊರಿನ ಹೆಸರು ಹಿಡಿದು ಮಾತನಾಡುತ್ತಿದ್ದರೆ ಸರಿ. ಬರೀ ಬೆಂಕಿಯ ಚಿತ್ರ, ಹೃದಯದ ಚಿತ್ರ ಇದ್ದರೆ ಬಿಟ್ಟುಬಿಡಿ. ಒಂದು ಜಂಟಿ ಪೋಸ್ಟಿನಿಂದ ತೀರ್ಮಾನಕ್ಕೂ ಬರಬೇಡಿ. ಅದೇ ಪುಟದ ಜೊತೆ ಎರಡು ಮೂರು ವಾರ ಸತತವಾಗಿ ಮಾಡಿದಾಗ ಮಾತ್ರ ಅವರ ನೋಡುಗರಿಗೆ ನೀವು ಯಾರೆಂದು ತಿಳಿಯುತ್ತದೆ.

ಶಾರ್ಜಾದಿಂದ

ಕಲ್ಲುಬರಹದ ಓದುಗ ನಾನು. ಆ ಬಸ್ ನಿಲ್ದಾಣದ ಪೋಸ್ಟನ್ನು ಹಂಚಿದವರಲ್ಲಿ ನಾನೂ ಒಬ್ಬ, ಅದು ನಮ್ಮ ತಾಯಿಯ ತವರೂರು. ಒಂದು ತೊಂದರೆಯನ್ನು ಯಾರೂ ಹೇಳಿಲ್ಲ. ನಾನು ಕಳುಹಿಸಿದ ಕೊಂಡಿಯನ್ನು ಅಮ್ಮ ತೆರೆದರೆ ಲಾಗಿನ್ ಆಗು ಎಂದು ಕೇಳಿತು. ಅವರಿಗೆ ಇನ್‌ಸ್ಟಾಗ್ರಾಮ್ ಇಲ್ಲ. ಕೊನೆಗೆ ನಾಲ್ಕೂ ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ಗುಂಪಿಗೆ ಹಾಕಿದೆ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಹದಿನೈದು ದಿನಗಳ ಬಳಿಕ ಬೇರೊಬ್ಬರು ನನಗೇ ಕಳುಹಿಸಿದರು, ಪುಟದ ಹೆಸರು ಎಲ್ಲೂ ಇರಲಿಲ್ಲ. ಯಾರದೋ ಕೆಲಸ, ಯಾರದೋ ಹೆಸರಿನಲ್ಲಿ.

ವಸುಧಾ, ಶಿರಸಿ

ಇದು ಬಹಳ ಮುಖ್ಯವಾದ ಮಾತು, ನಾನೇ ಮೊದಲು ಹೇಳಬೇಕಿತ್ತು. ಕನ್ನಡ ಪುಟಗಳ ಹಂಚಿಕೆಯ ದೊಡ್ಡ ಭಾಗ ವಾಟ್ಸಾಪಿನಲ್ಲಿ ನಡೆಯುತ್ತದೆ, ಅದು ಇನ್‌ಸೈಟ್ಸ್‌ನ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಸ್ಕ್ರೀನ್‌ಶಾಟ್ ಆಗಿ ಹೋದದ್ದಂತೂ ಸಿಗುವುದೇ ಇಲ್ಲ. ಹಾಗಾಗಿ ಒಂದೇ ಚಿತ್ರದಲ್ಲಿ ಎಲ್ಲವೂ ಮುಗಿಯುವಂತಹ ಒಂದು ಕಾರ್ಡ್ ಬೇಕು: ಊರು, ಕಲ್ಲು, ಎರಡು ಸಾಲಿನ ಕಥೆ, ಮತ್ತು ಪುಟದ ಹೆಸರು. ಹೆಸರನ್ನು ಮೂಲೆಯಲ್ಲಿ ಇಟ್ಟರೆ ಕತ್ತರಿಸುತ್ತಾರೆ. ಕಲ್ಲಿನ ಚಿತ್ರಕ್ಕೂ ಬರಹಕ್ಕೂ ನಡುವಿನ ಪಟ್ಟಿಯಲ್ಲಿ ಇಡಿ. ಕಾರ್ಡನ್ನು ಚಿತ್ರ ಕಳುಹಿಸಿದವರಿಗೆ ನೀವೇ ನೇರವಾಗಿ ಕೊಡಿ, ಅವರು ಸ್ಕ್ರೀನ್‌ಶಾಟ್ ತೆಗೆಯುವ ಅಗತ್ಯ ಬೀಳದಿರಲಿ. ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ವಾಟ್ಸಾಪ್ ಒಮ್ಮೆಗೆ ಒಂದೇ ಕಡೆಗೆ ಕಳುಹಿಸಲು ಬಿಡುತ್ತದೆ. ಆದ್ದರಿಂದ ಒಂದೇ ಕಾರ್ಡ್ ಎಲ್ಲೆಡೆ ಹಬ್ಬಲಿ ಎನ್ನುವುದಕ್ಕಿಂತ ಊರಿಗೊಂದು ಕಾರ್ಡ್ ಎನ್ನುವುದೇ ಮೇಲು.

ಪರಿಣಾಮ ತಿಳಿಯುವುದು ಹೇಗೆಂದರೆ, ಚಿತ್ರ ಕಳುಹಿಸಿದ ಪ್ರತಿಯೊಬ್ಬರನ್ನೂ ‘ನಮ್ಮ ಪುಟ ನಿಮಗೆ ಹೇಗೆ ಸಿಕ್ಕಿತು’ ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒರಟು ಲೆಕ್ಕ, ಆದರೆ ನಿಮಗೆ ಬೇಕಾದ ಸಂಖ್ಯೆ ಅದರಿಂದಲೇ ಸಿಗುತ್ತದೆ.

ರೀಲ್ ರಂಗಣ್ಣ

ಇಷ್ಟೆಲ್ಲ ಕಷ್ಟ ಏಕೆ? ಸ್ಟೋರಿಯಲ್ಲಿ ‘ಆಡ್ ಯುವರ್ಸ್’ ಸ್ಟಿಕ್ಕರ್ ಇದೆಯಲ್ಲ. ‘ನಿಮ್ಮೂರಿನ ಕಲ್ಲು’ ಎಂದು ಹಾಕಿದರೆ ಜನ ತಾವೇ ಸೇರಿಸುತ್ತಾ ಹೋಗುತ್ತಾರೆ. ಪೂರ್ತಿ ಚಕ್ರ ಅಲ್ಲೇ ಸಿದ್ಧವಾಗಿದೆ.

ವಸುಧಾ, ಶಿರಸಿ

ಇದು ಒಳ್ಳೆಯ ಸಲಹೆ, ಮಾಡಿ ನೋಡಬಹುದು. ಎರಡು ಮಿತಿಗಳಿವೆ. ಖಾಸಗಿ ಖಾತೆಯವರು ಸೇರಿಸಿದ್ದು ಅವರ ಹಿಂಬಾಲಕರಿಗೆ ಮಾತ್ರ ಕಾಣುತ್ತದೆ, ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಖಾತೆಗಳು ಬಹುಪಾಲು ಖಾಸಗಿಯೇ. ಇನ್ನು, ಸ್ಟೋರಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಮರೆಯಾಗುತ್ತದೆ. ಕಲ್ಲನ್ನು ಹುಡುಕಿಕೊಂಡು ಹೋಗಿ ಚಿತ್ರ ತೆಗೆಯಲು ಒಂದು ಭಾನುವಾರವಾದರೂ ಬೇಕು. ಫೋನಿನಲ್ಲಿ ಈಗಾಗಲೇ ಇರುವ ಚಿತ್ರಕ್ಕೆ ಸ್ಟಿಕ್ಕರ್ ಚೆನ್ನಾಗಿ ಒಗ್ಗುತ್ತದೆ.

ಶಾಸನಾಸಕ್ತ

ಇಷ್ಟು ಹೊತ್ತು ಓದುತ್ತಾ ಇದ್ದೆ. ಎಲ್ಲರೂ ಸಂಖ್ಯೆಯ ಬಗ್ಗೆ ಮಾತನಾಡುತ್ತಿದ್ದೀರಿ, ಕಲ್ಲಿನ ಬಗ್ಗೆ ಯಾರೂ ಮಾತನಾಡುತ್ತಿಲ್ಲ.

ವೀರಗಲ್ಲಿನ ಕೆಳಗೆ ನಿಧಿಯಿದೆ ಎಂದು ನಂಬಿ ರಾತ್ರೋರಾತ್ರಿ ಅಗೆಯುವವರು ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಇದ್ದಾರೆ. ಕಾಡಂಚಿನ ಕಲ್ಲೊಂದರ ಊರು, ಜಾಗ ಎಲ್ಲವನ್ನೂ ನೀವು ದಪ್ಪಕ್ಷರದಲ್ಲಿ ಬರೆದು ಗುಂಪು ಗುಂಪಿಗೆ ಹಂಚಿದರೆ ಅದು ಅವರಿಗೆ ವಿಳಾಸವಾಗುತ್ತದೆ. ಎರಡನೆಯದಾಗಿ, ಅಕ್ಷರ ಸ್ಪಷ್ಟವಾಗಿ ಕಾಣಲಿ ಎಂದು ಜನ ಕಲ್ಲಿಗೆ ಬಣ್ಣ ಬಳಿಯುತ್ತಾರೆ, ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ. ಪುಟದಲ್ಲಿ ಹೆಸರು ಬರುತ್ತದೆ ಎಂದಾದರೆ ಇನ್ನೂ ಜೋರಾಗಿ ಉಜ್ಜುತ್ತಾರೆ. ಮೂರನೆಯದಾಗಿ, ಓದು. ಬಿ. ಎಲ್. ರೈಸ್ ಅವರ ಕಾಲದಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಾವಿರಾರು ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಅದನ್ನು ತೆರೆದು ನೋಡದೆ ಅವಸರದಲ್ಲಿ ಓದಿ ಹಾಕಿದ ತಪ್ಪು ಪಾಠವನ್ನು ಆಮೇಲೆ ಊರಿನವರು ಕಲ್ಲಿನ ಪಕ್ಕದ ಫಲಕದಲ್ಲೇ ಬರೆಸುತ್ತಾರೆ.

ಕಲ್ಲುಬರಹ

ಸರ್, ಉಜ್ಜುವ ವಿಷಯವನ್ನು ಒಪ್ಪುತ್ತೇನೆ. ‘ನೀರು ಬಿಟ್ಟು ಬೇರೇನನ್ನೂ ಹಾಕಬೇಡಿ, ಉಜ್ಜಿದ ಕಲ್ಲಿನ ಚಿತ್ರ ಹಾಕುವುದಿಲ್ಲ’ ಎಂದು ಕರೆಯಲ್ಲೇ ಬರೆಯುತ್ತೇವೆ. ಓದಿನ ವಿಷಯದಲ್ಲಿ ಸಂಪುಟ ನೋಡದೆ ನಾವು ಹಾಕುವುದಿಲ್ಲ. ಸಿಗದಿದ್ದರೆ ‘ಓದು ಬಾಕಿ’ ಎಂದೇ ಬರೆಯುತ್ತೇವೆ.

ಊರಿನ ಹೆಸರಿನದೇ ಕಷ್ಟ. ವಸುಧಾ ಮೇಡಂ ಹೇಳುವ ಚಕ್ರ ನಿಂತಿರುವುದೇ ಊರಿನ ಹೆಸರಿನ ಮೇಲೆ. ‘ಹಾಸನ ಜಿಲ್ಲೆಯ ಒಂದು ವೀರಗಲ್ಲು’ ಎಂದರೆ ಯಾರು ಯಾರಿಗೆ ಕಳುಹಿಸುತ್ತಾರೆ?

ವಸುಧಾ, ಶಿರಸಿ

ಊರ ನಡುವೆ, ಗುಡಿಯ ಅಂಗಳದಲ್ಲಿ, ಜನರ ಕಣ್ಣೆದುರು ಇರುವ ಕಲ್ಲಿಗೆ ಹೆಸರು ಹಾಕಿ. ಹೊಲ, ಕಾಡು, ಪಾಳು ಗುಡಿಯದಾದರೆ ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ, ಸ್ಥಳದ ಟ್ಯಾಗ್ ಬೇಡ, ಹಿನ್ನೆಲೆಯಲ್ಲಿ ಗುರುತು ಸಿಗುವ ಬೆಟ್ಟವೋ ಫಲಕವೋ ಇದ್ದರೆ ಕತ್ತರಿಸಿ. ಹೀಗೆ ಮಾಡಿದರೆ ಹಂಚಿಕೆ ಕಡಿಮೆಯಾಗುತ್ತದೆ, ಅದು ನಿಜ.

ಶಾಸನಾಸಕ್ತ

ಊರಿನವರ ಕಣ್ಣೆದುರಿನ ಕಲ್ಲನ್ನೂ ಅಗೆದಿದ್ದಾರೆ. ನಾನು ಒಪ್ಪುವುದಿಲ್ಲ.

ಶಾರ್ಜಾದಿಂದ

ಸರ್, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಆ ಪೋಸ್ಟ್ ಬಂದ ಮೇಲೆಯೇ ನಮ್ಮ ಊರಿನ ಹುಡುಗರು ಪೊದೆ ಕಡಿದು ಕಲ್ಲನ್ನು ಕಾಣುವಂತೆ ಮಾಡಿದರು. ಅದಕ್ಕೂ ಮೊದಲು ಯಾರಾದರೂ ಎತ್ತಿಕೊಂಡು ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕಲ್ಲುಬರಹ (ಒಂದು ತಿಂಗಳು ಕಳೆದ ಮೇಲೆ)

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಹಾಸ್ಯದ ಪುಟದವರಿಗೆ ಬೇಡವೆಂದೆವು, ತಮ್ಮ ಎರಡು ದಿನ ಮಾತು ಬಿಟ್ಟಿದ್ದ. ಮೇಷ್ಟ್ರ ಕೆರೆ ಏರಿಯ ಕಲ್ಲಿನಿಂದ ಆರಂಭಿಸಿದೆವು. ಅರಕಲಗೂಡು ಕಡೆಯ ಒಂದು ಸ್ಥಳೀಯ ಪುಟದ ಜೊತೆ ಜಂಟಿಯಾಗಿ ಹಾಕಿದೆವು. ನಮ್ಮ ಪುಟದಲ್ಲಿ ಇದುವರೆಗೆ ಅತಿ ಹೆಚ್ಚು ಬಾರಿ ಕಳುಹಿಸಲ್ಪಟ್ಟದ್ದು ಅದೇ, ಬೇಗೂರನ್ನೂ ಮೀರಿಸಿತು. ಈ ತಿಂಗಳು ಸೇರಿದವರು 640, ಬಿಟ್ಟವರು 300. ಬಿಡುವವರು ಕಡಿಮೆಯಾಗಿಲ್ಲ.

ಚಿತ್ರಗಳೂ ಬಂದವು. ಆದರೆ ಅರ್ಧದಷ್ಟು ನಾಗರಕಲ್ಲು, ಗಡಿಕಲ್ಲು, ಒಂದಂತೂ ಹಳೆಯ ಮೈಲಿಗಲ್ಲು. ಹೇಗೆ ಸಿಕ್ಕಿತು ಎಂದು ಕೇಳಿದಾಗ ನಿಜಕ್ಕೂ ಇನ್ನೊಬ್ಬರ ಕಾರ್ಡ್ ನೋಡಿ ಬಂದವರು ಮೂರರಲ್ಲಿ ಒಬ್ಬರು. ಉಳಿದವರು ನಮ್ಮ ಹಳೆಯ ಹಿಂಬಾಲಕರು, ಇಷ್ಟು ದಿನ ಯಾರೂ ಕೇಳಿರಲಿಲ್ಲವೆಂದು ಸುಮ್ಮನಿದ್ದವರು. ಅವರು ಒಮ್ಮೆ ಕಳುಹಿಸಿ ಮುಗಿಸಿದರೆ ಮುಂದಿನ ತಿಂಗಳು ಸಂಖ್ಯೆ ಇಳಿಯಬಹುದು.

ನಿರೀಕ್ಷಿಸದ ತೊಡಕು ಎರಡು. ಓದಿಕೊಡುವವನು ನಾನೊಬ್ಬನೇ, ಹಾಗಾಗಿ ಸರದಿ ಬೆಳೆದಿದೆ. ಕಳುಹಿಸಿ ಎರಡು ವಾರ ಕಾದವರ ಉತ್ಸಾಹ ಆರಿಹೋಗುತ್ತದೆ, ಕಾರ್ಡ್ ಕೊಟ್ಟರೂ ಹಂಚುವುದಿಲ್ಲ. ಇನ್ನೊಂದು, ಮೇಷ್ಟ್ರ ಕಲ್ಲಿನ ಕೆಳಗೆ ಆ ವೀರ ಯಾವ ಜಾತಿಯವನು ಎಂದು ದೊಡ್ಡ ಜಗಳ ನಡೆಯುತ್ತಿದೆ. ಶಾಸನದಲ್ಲಿ ಅದರ ಸುಳಿವೇ ಇಲ್ಲ. ಜಗಳ ಹೆಚ್ಚಿದಷ್ಟೂ ಪೋಸ್ಟ್ ಓಡುತ್ತಿದೆ, ತಮ್ಮನಿಗೆ ಖುಷಿ.

ವಸುಧಾ, ಶಿರಸಿ

ಸರದಿಗೆ ಒಂದು ಉಪಾಯ: ಚಿತ್ರ ಬಂದ ದಿನವೇ ‘ನಿಮ್ಮ ಕಲ್ಲು ಸಿಕ್ಕಿತು, ಮೂರು ಹಂತದ ವೀರಗಲ್ಲು, ಓದು ಬಾಕಿ’ ಎಂದು ಅವರನ್ನು ಟ್ಯಾಗ್ ಮಾಡಿ ಸ್ಟೋರಿ ಹಾಕಿ. ಉತ್ಸಾಹ ಇರುವಾಗ ಅಷ್ಟು ಸಾಕು, ಅವರೇ ಅದನ್ನು ತಮ್ಮ ಸ್ಟೋರಿಗೆ ಸೇರಿಸುತ್ತಾರೆ. ಪೂರ್ತಿ ಕಾರ್ಡ್ ನಿಧಾನವಾಗಿ ಬರಲಿ. ಓದಲು ಇನ್ನಿಬ್ಬರನ್ನು ಸೇರಿಸಿಕೊಳ್ಳದಿದ್ದರೆ ಈ ಚಕ್ರದ ವೇಗ ನಿಮ್ಮ ಭಾನುವಾರಗಳಷ್ಟೇ. ಶಾಸನಾಸಕ್ತರು ಬೈದರೂ ಅವರನ್ನೇ ಕೇಳಿ ನೋಡಿ.

ಜಾತಿಯ ಜಗಳದಿಂದ ಬಂದ ಓಟವನ್ನು ನಂಬಬೇಡಿ. ಜಗಳಕ್ಕೆ ಬಂದವರು ಕಲ್ಲು ಕಳುಹಿಸುವುದಿಲ್ಲ, ಮುಂದಿನ ಜಗಳಕ್ಕೆ ಕಾಯುತ್ತಾರೆ. ಊರಿನ ಗುಂಪಿನಲ್ಲಿ ಆ ಕಾರ್ಡ್ ಹಾಕಲು ಜನ ಹಿಂಜರಿಯುತ್ತಾರೆ. ಶಾಸನದಲ್ಲಿ ಇರುವುದು ಇಷ್ಟೇ ಎಂದು ನೀವೇ ಬರೆದು ಆ ಕಾಮೆಂಟನ್ನು ಪಿನ್ ಮಾಡಿ, ಬೈಗುಳಗಳನ್ನು ಅಳಿಸಿ.

ಶಾಸನಾಸಕ್ತ

ವಾರಕ್ಕೆ ಐದು ಚಿತ್ರ ಕಳುಹಿಸಿದರೆ ಓದಿಕೊಡುತ್ತೇನೆ. ಹೊಲ, ಕಾಡಿನ ಕಲ್ಲುಗಳಿಗೆ ಊರಿನ ಹೆಸರು ಹಾಕುವುದಿಲ್ಲ ಎಂಬ ಷರತ್ತಿನ ಮೇಲೆ. ಊರೊಳಗಿನವುಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಿವೃತ್ತ ಮೇಷ್ಟ್ರು, ಅರಕಲಗೂಡು

ಅಲ್ಲಿ ಜಗಳವಾಡುತ್ತಿರುವವರಲ್ಲಿ ಇಬ್ಬರು ನನ್ನ ಶಿಷ್ಯರೇ, ಏಳನೆಯ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಫೋನ್ ಮಾಡಿ ಮಾತನಾಡಿದ್ದೇನೆ, ಒಬ್ಬ ಅಳಿಸುತ್ತೇನೆ ಎಂದಿದ್ದಾನೆ, ಇನ್ನೊಬ್ಬ ಫೋನ್ ಎತ್ತಿಲ್ಲ. ಪಕ್ಕದೂರಿನ ಗುಡಿಯ ಹಿಂದಿರುವ ಇನ್ನೊಂದು ಕಲ್ಲಿನ ಚಿತ್ರವನ್ನು ಮೊಮ್ಮಗಳು ಇಂದು ಸಂಜೆ ಕಳುಹಿಸುತ್ತಾಳೆ. ಅದರಲ್ಲಿ ಬಳೆ ತೊಟ್ಟ ಒಂದು ಕೈ ಮಾತ್ರ ಮೇಲೆತ್ತಿದೆ. ಅದು ಮಾಸ್ತಿಕಲ್ಲೇ ಇರಬೇಕಲ್ಲವೇ?